ಬಂದರೂ ಬರಬಹುದಾದ ಡಾಲರಿಗೆ ಯಾವ ರಕ್ಷಣೆ?

ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಮಹಡಿ ಮನೆಗಳಲ್ಲಿ ನಡೆಯುವ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಎರಡು ಬಗೆಯ ಡಾಲರ್‌ಗಳಿರುತ್ತವೆ. ಒಂದು, ಕೆಲಸ ಮುಗಿದು ಬಿಲ್ ಹೋಗಿ ಹಣ ಬರುವುದಷ್ಟೇ ಬಾಕಿ ಇರುವುದು. ಇನ್ನೊಂದು, ಟೆಂಡರ್ ಹಾಕಿ ಉತ್ತರಕ್ಕೆ ಕಾಯುತ್ತಿರುವುದು. ಎರಡನ್ನೂ ಬ್ಯಾಂಕಿನವರು ‘ಎಕ್ಸ್‌ಪೋಶರ್’ ಎಂದೇ ಕರೆಯುತ್ತಾರೆ. ಆದರೆ ರೂಪಾಯಿಯ ಏರಿಳಿತದಿಂದ ಇವನ್ನು ಕಾಪಾಡುವ ದಾರಿ ಒಂದೇ ಅಲ್ಲ. ಈ ವ್ಯತ್ಯಾಸ ಭಾರತದ ಮಾರುಕಟ್ಟೆಗೆ ಅರ್ಥವಾಗಲು ಸುಮಾರು ಮೂರು ದಶಕ ಹಿಡಿಯಿತು.

1990ರ ದಶಕಕ್ಕೆ ಮೊದಲು ಇಲ್ಲಿ ಈ ಪ್ರಶ್ನೆಯೇ ದೊಡ್ಡದಾಗಿರಲಿಲ್ಲ, ಏಕೆಂದರೆ ಡಾಲರಿನ ದರವನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. 1992ರ ಮಾರ್ಚ್‌ನಲ್ಲಿ ಎರಡು ದರಗಳ ವ್ಯವಸ್ಥೆ ಬಂತು: ರಫ್ತಿನಿಂದ ಬಂದ ಡಾಲರಿನ ಶೇ. 40 ಭಾಗ ಸರ್ಕಾರಿ ದರದಲ್ಲಿ, ಉಳಿದ ಶೇ. 60 ಮಾರುಕಟ್ಟೆ ದರದಲ್ಲಿ. ಮರುವರ್ಷದ ಮಾರ್ಚ್‌ನಲ್ಲಿ ಎರಡೂ ಸೇರಿ ಒಂದೇ ಮಾರುಕಟ್ಟೆ ದರವಾಯಿತು. ಅಲ್ಲಿಂದ ರಫ್ತುದಾರನ ಹಣ ದಿನದಿನವೂ ಏರಿಳಿಯತೊಡಗಿತು.

ಆಗ ಕೈಗೆ ಸಿಕ್ಕ ಮುಖ್ಯ ಸಾಧನ ಫಾರ್ವರ್ಡ್ ಒಪ್ಪಂದ. ಇಂತಿಷ್ಟು ಡಾಲರನ್ನು ಇಂಥ ದಿನ ಇಂಥ ದರಕ್ಕೆ ಕೊಡುತ್ತೇನೆ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ದರದ ಚಿಂತೆ ಮುಗಿಯಿತು. ಭಾರತದ ಬಡ್ಡಿ ಅಮೆರಿಕದ್ದಕ್ಕಿಂತ ಹೆಚ್ಚಿರುವಾಗ ಫಾರ್ವರ್ಡ್ ದರವೂ ಇಂದಿನ ದರಕ್ಕಿಂತ ಮೇಲಿರುವುದರಿಂದ ರಫ್ತುದಾರನಿಗೆ ನಾಲ್ಕು ಕಾಸು ಹೆಚ್ಚೇ ಸಿಗುತ್ತದೆ. ಇಷ್ಟು ಸಲೀಸಾದ ಸಾಧನ ಕೈಯಲ್ಲಿದ್ದಾಗ ಬೇರೆಯದನ್ನು ಹುಡುಕುವವರು ಕಡಿಮೆ.

ಆ ಹೊತ್ತಿಗೆ ಹೊರಗಿನ ಲೋಕ ಇನ್ನೊಂದು ಸಾಧನ ಕಂಡುಕೊಂಡಿತ್ತು. 1982ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾ ಷೇರು ವಿನಿಮಯ ಕೇಂದ್ರದಲ್ಲಿ ಕರೆನ್ಸಿ ಆಪ್ಷನ್ ವ್ಯವಹಾರ ಆರಂಭವಾಯಿತು. ಮರುವರ್ಷ ಮಾರ್ಕ್ ಗಾರ್ಮನ್ ಮತ್ತು ಸ್ಟೀವನ್ ಕೋಲ್‌ಹೇಗನ್ ಅದಕ್ಕೆ ಬೆಲೆ ಕಟ್ಟುವ ಸೂತ್ರ ಕೊಟ್ಟರು. 1973ರ ಬ್ಲ್ಯಾಕ್–ಶೋಲ್ಸ್ ಸೂತ್ರದಲ್ಲಿ ಇದ್ದದ್ದು ಒಂದು ಬಡ್ಡಿದರ. ಇವರು ಎರಡು ದೇಶಗಳ ಬಡ್ಡಿಯನ್ನೂ ಲೆಕ್ಕಕ್ಕೆ ತಂದರು. ಭಾರತದಲ್ಲಿ ರೂಪಾಯಿ–ಡಾಲರ್ ಆಪ್ಷನ್‌ಗೆ ರಿಸರ್ವ್ ಬ್ಯಾಂಕ್ ಬಾಗಿಲು ತೆರೆದದ್ದು ಇಪ್ಪತ್ತು ವರ್ಷಗಳ ನಂತರ, 2003ರ ಜುಲೈನಲ್ಲಿ.

ರಫ್ತುದಾರ ಕೊಳ್ಳುವುದು ಪುಟ್ ಆಪ್ಷನ್. ಪ್ರೀಮಿಯಂ ಕಟ್ಟಿದರೆ ಗೊತ್ತುಮಾಡಿದ ಸ್ಟ್ರೈಕ್ ದರಕ್ಕೆ ಡಾಲರ್ ಮಾರುವ ಹಕ್ಕು ಸಿಗುತ್ತದೆ. ಮಾರಲೇಬೇಕೆಂಬ ಕಟ್ಟು ಮಾತ್ರ ಇರುವುದಿಲ್ಲ.

ಲೆಕ್ಕ ಮಾಡಿಯೇ ನೋಡಬೇಕು. ಜಯನಗರದ ಒಂದು ಕಂಪನಿ ಒಂದು ಲಕ್ಷ ಡಾಲರಿನ ಕೆಲಸಕ್ಕೆ ಟೆಂಡರ್ ಹಾಕಿದೆ, ಗೆದ್ದರೆ ಮೂರು ತಿಂಗಳಲ್ಲಿ ಹಣ ಎಂದಿಟ್ಟುಕೊಳ್ಳೋಣ. ಟೆಂಡರ್ ಹಾಕಿದ ದಿನ ಸ್ಪಾಟ್ ದರ 85 ರೂಪಾಯಿ, ಮೂರು ತಿಂಗಳ ಫಾರ್ವರ್ಡ್ 85.50, ಅದೇ 85.50ರ ಸ್ಟ್ರೈಕ್ ಇರುವ ಪುಟ್‌ಗೆ ಡಾಲರಿಗೆ 70 ಪೈಸೆ ಪ್ರೀಮಿಯಂ, ಒಟ್ಟು 70 ಸಾವಿರ ರೂಪಾಯಿ. ವರ್ಷಕ್ಕೆ ಶೇ. 4ರಷ್ಟು ಏರಿಳಿತ ಊಹಿಸಿದರೆ ಸೂತ್ರ ಕೊಡುವ ಬೆಲೆ ಹೆಚ್ಚುಕಡಿಮೆ ಇಷ್ಟೇ.

ಕೆಲಸ ಸಿಕ್ಕಿ ಹಣ ಪೂರ್ತಿ ಬಂತು ಎನ್ನಿ. ಫಾರ್ವರ್ಡ್ ಮಾಡಿದವರಿಗೆ ಡಾಲರ್ 82ಕ್ಕೆ ಇಳಿದರೂ 89ಕ್ಕೆ ಏರಿದರೂ 85.50 ಲಕ್ಷ ರೂಪಾಯಿ. ಪುಟ್ ಕೊಂಡವರಿಗೆ 82ರಲ್ಲಿ ಪ್ರೀಮಿಯಂ ಕಳೆದು 84.80 ಲಕ್ಷ, 89ರಲ್ಲಿ ಹಕ್ಕನ್ನು ಬಿಟ್ಟು ಮಾರುಕಟ್ಟೆಯಲ್ಲೇ ಮಾರಿದರೆ 88.30 ಲಕ್ಷ. ಡಾಲರ್ 86.20 ದಾಟಿದರೆ ಮಾತ್ರ ಪುಟ್ ಮುಂದೆ. ಇಷ್ಟನ್ನೇ ನೋಡಿದ ಲೆಕ್ಕಿಗರು ‘70 ಸಾವಿರ ದಂಡ’ ಎಂದು ಫಾರ್ವರ್ಡನ್ನೇ ಆರಿಸುತ್ತಾರೆ. ಹಣ ಖಚಿತವಾಗಿದ್ದರೆ ಅವರ ಆಯ್ಕೆಯಲ್ಲಿ ತಪ್ಪೇನೂ ಇಲ್ಲ.

ಟೆಂಡರ್ ಕೈತಪ್ಪಿದರೆ ಚಿತ್ರವೇ ಬೇರೆ. ಫಾರ್ವರ್ಡ್ ಒಪ್ಪಂದ ಹಾಗೆಯೇ ನಿಂತಿರುತ್ತದೆ. ಕೊಡಲು ಡಾಲರಿಲ್ಲ, ಹಾಗಾಗಿ ಅಂದಿನ ದರದಲ್ಲಿ ಅದನ್ನು ರದ್ದುಮಾಡಬೇಕು. ಡಾಲರ್ 89 ಆಗಿದ್ದರೆ ಮೂರೂವರೆ ರೂಪಾಯಿಯಂತೆ 3.50 ಲಕ್ಷ ನಷ್ಟ. 93 ಆಗಿದ್ದರೆ 7.50 ಲಕ್ಷ. ಕೆಲಸವೂ ಇಲ್ಲ, ಕೈಯಿಂದಲೂ ಹೋಯಿತು. ಪುಟ್ ಕೊಂಡವರ ನಷ್ಟ ಎರಡರಲ್ಲೂ ಅದೇ 70 ಸಾವಿರ. ಡಾಲರ್ 82ಕ್ಕೆ ಇಳಿದಿದ್ದರೆ ಫಾರ್ವರ್ಡ್ ರದ್ದತಿಯಿಂದ 3.50 ಲಕ್ಷ ಲಾಭ ಬರಬೇಕಲ್ಲ ಎನ್ನಬಹುದು. ಕಾಗದದ ಮೇಲೆ ಸರಿ. ಆದರೆ 2020ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ನಿರೀಕ್ಷಿತ ಹಣಕ್ಕೆ ಮಾಡಿದ ರಕ್ಷಣೆಯ ನಿವ್ವಳ ಲಾಭವನ್ನು ಬ್ಯಾಂಕು ಸಾಮಾನ್ಯವಾಗಿ ಆ ಹಣ ನಿಜಕ್ಕೂ ಬಂದಾಗಲೇ ಗ್ರಾಹಕರಿಗೆ ಕೊಡುತ್ತದೆ. ನಷ್ಟಕ್ಕೆ ಅಂಥ ತಡೆಯಿಲ್ಲ. ಪುಟ್‌ನ ಲಾಭಕ್ಕೂ ಇದೇ ನಿಯಮ ಅನ್ವಯಿಸುತ್ತದೆ, ಆದರೆ ಅಲ್ಲಿ ನಷ್ಟಕ್ಕೆ ಮೊದಲೇ ಮಿತಿ ಬಿದ್ದಿರುತ್ತದೆ.

ಅರ್ಧ ಕೆಲಸ ಮಾತ್ರ ಸಿಕ್ಕುವುದೂ ಉಂಟು. 50 ಸಾವಿರ ಡಾಲರ್ ಬಂದು, ದರ 89 ಆಯಿತೆನ್ನಿ. ಫಾರ್ವರ್ಡ್‌ನವರು ಬಂದ ಡಾಲರನ್ನು 85.50ಕ್ಕೆ ಕೊಟ್ಟು 42.75 ಲಕ್ಷ ಪಡೆಯುತ್ತಾರೆ, ಉಳಿದರ್ಧವನ್ನು ರದ್ದುಮಾಡಲು 1.75 ಲಕ್ಷ ತೆರುತ್ತಾರೆ. ಉಳಿಯುವುದು 41 ಲಕ್ಷ. ಅಂದರೆ ಮಾರುಕಟ್ಟೆಯಲ್ಲಿ ಡಾಲರಿಗೆ 89 ಇರುವ ದಿನ ಅವರ ಕೈಗೆ ಸಿಕ್ಕಿದ್ದು 82. ಪುಟ್‌ನವರಿಗೆ 43.80 ಲಕ್ಷ.

ಡಾಲರ್ ಏರುವುದು ಮತ್ತು ಕೆಲಸ ತಪ್ಪುವುದು ಒಟ್ಟಿಗೇ ನಡೆಯುವುದು ಅಪರೂಪವಲ್ಲ. 2007ರ ಆರಂಭದಲ್ಲಿ 44ರ ಆಸುಪಾಸಿನಲ್ಲಿದ್ದ ಡಾಲರ್ ವರ್ಷಾಂತ್ಯಕ್ಕೆ 40ಕ್ಕಿಂತ ಕೆಳಗಿಳಿಯಿತು. ಇನ್ನೂ ಇಳಿಯುತ್ತದೆಂಬ ಭಯ ಬೆಂಗಳೂರಿನ ಐಟಿ ವಲಯವನ್ನೂ ಆವರಿಸಿತು. 2008ರ ಕೊನೆಗೆ ಅದೇ ಡಾಲರ್ 50ರ ಹತ್ತಿರ. ಅದಕ್ಕೆ ಕಾರಣವಾದ ಅಮೆರಿಕದ ಹಣಕಾಸು ಕುಸಿತವೇ ಅಲ್ಲಿನ ಗ್ರಾಹಕರ ಖರ್ಚನ್ನೂ ಕತ್ತರಿಸಿತು. ನಿರೀಕ್ಷೆಯ ಡಾಲರನ್ನು ಫಾರ್ವರ್ಡ್‌ನಲ್ಲಿ ಮಾರಿಟ್ಟವರಿಗೆ ಇದಕ್ಕಿಂತ ಕೆಟ್ಟ ಜೋಡಿ ಇರಲಾರದು.

ಅದೇ ಕಾಲದಲ್ಲಿ ಆಪ್ಷನ್‌ನ ಹೆಸರೂ ಕೆಟ್ಟಿತು. ಪ್ರೀಮಿಯಂ ಕಟ್ಟಲು ಮನಸ್ಸಿಲ್ಲದ ರಫ್ತುದಾರರಿಗೆ ಬ್ಯಾಂಕುಗಳು ‘ಝೀರೋ ಕಾಸ್ಟ್’ ಯೋಜನೆಗಳನ್ನು ಮಾರಿದವು. ಒಂದು ಆಪ್ಷನ್ ಕೊಂಡು, ಅದರ ಬೆಲೆ ತುಂಬಲು ಇನ್ನೊಂದನ್ನು, ಕೆಲವೊಮ್ಮೆ ಎರಡರಷ್ಟು ಮೊತ್ತಕ್ಕೆ, ಬ್ಯಾಂಕಿಗೇ ಮಾರುವುದು ಅದರ ಒಳಗುಟ್ಟು. ತಮ್ಮ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಸ್ವಿಸ್ ಫ್ರಾಂಕ್, ಯೆನ್‌ಗಳ ಮೇಲೂ ಪಣ ಹೂಡಿದವರಿದ್ದರು. ತಿರುಪ್ಪೂರಿನ ಉಡುಪು ರಫ್ತುದಾರರು ಕೋರ್ಟ್ ಮೆಟ್ಟಿಲೇರಿದರು. ಕೊಯಮತ್ತೂರಿನ ರಾಜಶ್ರೀ ಶುಗರ್ಸ್ ಹೂಡಿದ ದಾವೆಯಲ್ಲಿ ಮದ್ರಾಸ್ ಹೈಕೋರ್ಟ್ 2008ರ ಅಕ್ಟೋಬರ್‌ನಲ್ಲಿ, ಇಂಥ ಒಪ್ಪಂದ ಜೂಜಲ್ಲ ಎಂದು ಹೇಳಿತು. ನನ್ನ ದೃಷ್ಟಿಯಲ್ಲಿ ಆ ನಷ್ಟಗಳು ಆಪ್ಷನ್ ಕೊಂಡದ್ದರಿಂದ ಬಂದವಲ್ಲ, ಮಾರಿದ್ದರಿಂದ ಬಂದವು.

ನಂತರದ ನಿಯಮಗಳು ಈ ಪಾಠವನ್ನೇ ಹಿಡಿದವು. 2020ರ ನಿಯಮದಲ್ಲಿ ಸಣ್ಣ ಗ್ರಾಹಕರಿಗೆ ಫಾರ್ವರ್ಡ್ ಇದೆ, ಸರಳ ಕಾಲ್ ಮತ್ತು ಪುಟ್ ಖರೀದಿ ಇದೆ. ಬರೀ ಆಪ್ಷನ್ ಮಾರುವ ಅವಕಾಶ ಇಲ್ಲ. 2010ರ ಅಕ್ಟೋಬರ್‌ನಿಂದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಸಾವಿರ ಡಾಲರಿನ ಚಿಕ್ಕ ಲಾಟ್‌ಗಳಲ್ಲೂ ಆಪ್ಷನ್ ಸಿಗುತ್ತಿತ್ತು. ಅದು ಸಣ್ಣ ಕಂಪನಿಗಳಿಗೆ ಹೇಳಿಮಾಡಿಸಿದಂತಿತ್ತು. ಆದರೆ ನಿಜವಾದ ವಿದೇಶಿ ವಿನಿಮಯ ವ್ಯವಹಾರ ಇರಲೇಬೇಕೆಂಬ ನಿಯಮ 2024ರ ಮೇ 3ರಿಂದ ಬಿಗಿಯಾದ ಮೇಲೆ ಅಲ್ಲಿನ ವಹಿವಾಟು ಕುಸಿಯಿತು. ಕೊಳ್ಳುವವರು, ಮಾರುವವರು ಕಡಿಮೆಯಾದಷ್ಟೂ ಅವರ ದರಗಳ ನಡುವಿನ ಅಂತರ ಹಿಗ್ಗುತ್ತದೆ. ಆದ್ದರಿಂದ ಬ್ಯಾಂಕಿನ ದರವನ್ನೂ ಕೇಳಿ ಹೋಲಿಸುವುದು ಅಗತ್ಯ.

ಪುಟ್‌ಗೂ ಮಿತಿಗಳಿವೆ. ಟೆಂಡರ್ ತೀರ್ಪು ತಡವಾಗಿ ಅವಧಿ ಮುಗಿದರೆ ಕಟ್ಟಿದ ಪ್ರೀಮಿಯಂ ಹೋಗುತ್ತದೆ. ಮಾರುಕಟ್ಟೆ ಅಲ್ಲಾಡುತ್ತಿರುವಾಗ ಪ್ರೀಮಿಯಂ ದುಬಾರಿಯಾಗುತ್ತದೆ, ಅಂದರೆ ಹೆಚ್ಚು ಬೇಕಾದಾಗಲೇ ಹೆಚ್ಚು ಬೆಲೆ. ಸ್ಟ್ರೈಕನ್ನು 84.50ಕ್ಕೆ ಇಳಿಸಿದರೆ ಪ್ರೀಮಿಯಂ ಅಗ್ಗ, ಆದರೆ ಮೊದಲ ಒಂದು ರೂಪಾಯಿಯ ಇಳಿತವನ್ನು ತಾವೇ ಹೊರಬೇಕು.

ಹೀಗಾಗಿ ಬಿಲ್ ಆಗಿರುವ ಡಾಲರಿಗೆ ಫಾರ್ವರ್ಡ್ ಸಾಕು. ಟೆಂಡರಿನಲ್ಲಿರುವ ಡಾಲರಿಗೆ ಪುಟ್ ಕೊಂಡು, ಆ ಪ್ರೀಮಿಯಂ ಅನ್ನು ಟೆಂಡರ್ ಬೆಲೆಯಲ್ಲೇ ಸೇರಿಸಬೇಕು. ಕೆಲಸ ಕೈಸೇರಿದ ದಿನ ಉಳಿದ ಬೆಲೆಗೆ ಪುಟ್ ಮಾರಿ ಫಾರ್ವರ್ಡ್‌ಗೆ ಬದಲಾಗಬಹುದು. ಬ್ಯಾಂಕಿಗೆ ಹೋಗುವ ಮುನ್ನ ಕಂಪನಿಗಳು ತಮ್ಮ ಡಾಲರ್ ಪಟ್ಟಿಯನ್ನು ಈ ಎರಡು ಭಾಗವಾಗಿ ಬರೆದುಕೊಳ್ಳಲಿ, ಮತ್ತು ಯಾರಾದರೂ ಪ್ರೀಮಿಯಂ ಇಲ್ಲದ ಆಪ್ಷನ್ ಕೊಡುತ್ತೇನೆಂದರೆ ಅದಕ್ಕೆ ಬದಲಾಗಿ ತಾವು ಏನನ್ನು ಮಾರುತ್ತಿದ್ದೇವೆ ಎಂದು ಬರಹದಲ್ಲಿ ಕೇಳಲಿ.