ನಾಯಿ ಮತ್ತು ಬೆಕ್ಕುಗಳ ದೇಹದ ಉಷ್ಣತೆ

ನಾಯಿ ಮತ್ತು ಬೆಕ್ಕುಗಳ ದೇಹದ ಸಹಜ ಉಷ್ಣತೆಯು ಮನುಷ್ಯರಿಗಿಂತ ಹೆಚ್ಚಾಗಿರುತ್ತದೆ. ಮನುಷ್ಯರಲ್ಲಿ ಇದು ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್ (37 ಡಿಗ್ರಿ ಸೆಲ್ಸಿಯಸ್) ಇದ್ದರೆ, ಆರೋಗ್ಯವಂತ ನಾಯಿ ಮತ್ತು ಬೆಕ್ಕುಗಳಲ್ಲಿ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ (38.1ರಿಂದ 39.2 ಸೆಲ್ಸಿಯಸ್) ಇರುತ್ತದೆ. ಆದ್ದರಿಂದ ಮನುಷ್ಯರಲ್ಲಿ ಜ್ವರವೆನಿಸುವ 101.5 ಡಿಗ್ರಿಯು ಈ ಪ್ರಾಣಿಗಳಲ್ಲಿ ಸಹಜವಾದುದು.

ಅಳೆಯುವ ವಿಧಾನ

ಮೂಗು ಒಣಗಿರುವುದರಿಂದ ಅಥವಾ ಕಿವಿ ಬಿಸಿಯಾಗಿರುವುದರಿಂದ ಜ್ವರವನ್ನು ನಿರ್ಧರಿಸಲಾಗುವುದಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ, ಗುದದ್ವಾರದಲ್ಲಿ ಮೆಲ್ಲಗೆ ಇರಿಸಿ ಅಳೆಯಲಾಗುತ್ತದೆ.

ಆತಂಕಕಾರಿ ಅಳತೆಗಳು

ವಿಶ್ರಾಂತಿಯ ನಂತರವೂ 103 ಡಿಗ್ರಿಗಿಂತ ಹೆಚ್ಚಿದ್ದರೆ ಅದು ಸಹಜವಲ್ಲ. 104 ಡಿಗ್ರಿ ದಾಟಿದರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. 106 ಡಿಗ್ರಿಯ ಆಸುಪಾಸಿನಲ್ಲಿ ಪ್ರಾಣಾಪಾಯವಿರುತ್ತದೆ. 99 ಡಿಗ್ರಿಗಿಂತ ಕಡಿಮೆಯಾಗುವುದೂ ಅಪಾಯದ ಲಕ್ಷಣವಾಗಿದ್ದು, ಮರಿಗಳಲ್ಲದ ಪ್ರಾಣಿಗಳಲ್ಲಿ ಆಘಾತ ಅಥವಾ ತೀವ್ರ ಕಾಯಿಲೆಯನ್ನು ಸೂಚಿಸಬಹುದು.

ಬೇಸಿಗೆಯ ಪರಿಣಾಮ

ಕಲಬುರಗಿ ನಗರ ಮತ್ತು ಕಮಲಾಪುರದ ಪರಿಸರದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗಾಳಿಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂದರೆ ನಾಯಿಯ ಮೈಗಿಂತ ಗಾಳಿಯೇ ಬಿಸಿಯಾಗಿರುತ್ತದೆ. ನಾಯಿಯು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಓಡಿಬಂದ ನಾಯಿಯಲ್ಲಿ 103.5 ಡಿಗ್ರಿ ಕಂಡುಬಂದರೆ, ಅದನ್ನು ನೆರಳಿನಲ್ಲಿ ಮಲಗಿಸಿ, ನೀರು ಕುಡಿಸಿ, ಅರ್ಧ ಗಂಟೆಯ ನಂತರ ಮತ್ತೆ ಅಳೆಯಬೇಕು. ಉಷ್ಣತೆ ಇಳಿದು ನಾಯಿ ಚುರುಕಾದರೆ ಅದು ಓಟದ ಕಾವು. ಇಳಿಯದಿದ್ದರೆ ಜ್ವರದ ಶಂಕೆಯಿರುತ್ತದೆ. ತೂರಾಡುವಿಕೆ, ವಾಂತಿ ಅಥವಾ ಕುಸಿತ ಕಂಡರೆ ಕಾಯದೆ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಷ್ಣತೆ 103 ಡಿಗ್ರಿಗೆ ಇಳಿದೊಡನೆ ನೀರು ಸುರಿಯುವುದನ್ನು ನಿಲ್ಲಿಸದಿದ್ದರೆ ಅದು ಸಹಜ ಮಟ್ಟಕ್ಕಿಂತ ಕೆಳಗೆ ಕುಸಿಯಬಹುದು. ಬೆಕ್ಕು ಬಾಯಿ ತೆರೆದು ತೇಕುವುದು ಯಾವಾಗಲೂ ಗಂಭೀರ ಲಕ್ಷಣವೆಂದು ಪರಿಗಣಿಸಲಾಗುತ್ತದೆ.

ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ಮಾರಕವಾಗಿದ್ದು, ಅಲ್ಪ ಪ್ರಮಾಣದಲ್ಲಿಯೂ ಕೊಡಬಾರದು.