ಪ್ರತಿಲೋಮ ಜ್ಯಾಫಲನದ ನಿಷ್ಪನ್ನ

ಕೋನವೊಂದರ ಜ್ಯಾ (ಸೈನ್) ಎಷ್ಟೆಂಬುದು ತಿಳಿದಿರುವಾಗ ಆ ಕೋನವನ್ನೇ ಕಂಡುಹಿಡಿದು ಕೊಡುವ ಫಲನವು ಪ್ರತಿಲೋಮ ಜ್ಯಾ ಎನಿಸಿಕೊಳ್ಳುವುದು. ಪ್ರಾಚೀನ ಜ್ಯೋತಿಷಿಗಳು ಇದನ್ನು ಜ್ಯಾದಿಂದ ಚಾಪವನ್ನು ಪಡೆಯುವ ಕ್ರಿಯೆ ಎಂದು ವ್ಯವಹರಿಸಿದರು. ಜ್ಯಾ ಕಿಂಚಿತ್ತು ಬದಲಾದಾಗ ಚಾಪವು ಯಾವ ದರದಲ್ಲಿ ಬದಲಾಗುವುದೆಂಬುದೇ ಇದರ ನಿಷ್ಪನ್ನ.

ಇಂದಿನ ಪಾಠಕ್ರಮದಲ್ಲಿ ಇದನ್ನು ಸಾಧಿಸುವ ರೀತಿ ಹೀಗಿದೆ. y = sin⁻¹x ಎಂಬುದನ್ನು sin y = x ಎಂದು ತಿರುಗಿಸಿ ಬರೆದು, y ಎಂಬುದು x ನ ಫಲನವೆಂಬುದನ್ನು ಮರೆಯದೆ ಎರಡು ಪಕ್ಕಗಳನ್ನೂ x ನ್ನು ಕುರಿತು ಅವಕಲಿಸಿದರೆ (ಇದೇ ಅವ್ಯಕ್ತ ಅವಕಲನ) cos y · dy/dx = 1 ಎಂಬ ಸಮೀಕರಣವು ದೊರೆಯುವುದು. ಆದರೆ ಉತ್ತರವು x ನಲ್ಲಿಯೇ ಇರಬೇಕಾದುದರಿಂದ cos y ಯನ್ನು ನಿವಾರಿಸಬೇಕು. ಲಂಬಕೋನ ತ್ರಿಭುಜದ ನೆರವು ಬೇಕಾಗುವುದು ಇಲ್ಲಿ. ವಿಕರ್ಣವು 1, y ಕೋನಕ್ಕೆ ಅಭಿಮುಖವಾದ ಬಾಹು x ಆಗಿರುವ ತ್ರಿಭುಜವನ್ನು ಬರೆದರೆ, ಉಳಿದ ಬಾಹು √(1−x²) ಆಗುವುದು; cos y ಎಂಬುದು ಅದೇ. ಆದುದರಿಂದ

dy/dx = 1/√(1−x²).

ಬಾಹುಗಳು 3, 4, 5 ಆಗಿರುವ ತ್ರಿಭುಜವನ್ನು ವಿಕರ್ಣವು 1 ಆಗುವಂತೆ ಕುಗ್ಗಿಸಿದರೆ x = 0.6, ಉಳಿದ ಬಾಹು 0.8; ನಿಷ್ಪನ್ನವು 1.25. ಸಂಖ್ಯೆಗಳಿಂದ ಪರೀಕ್ಷಿಸಿದರೆ, x ಎಂಬುದು 0.60 ರಿಂದ 0.61 ಕ್ಕೆ ಏರಿದಾಗ ಕೋನವು ಸುಮಾರು 0.01256 ರೇಡಿಯನ್ ಏರುವುದು, ಅಂದರೆ 1.256 ರ ದರ. ಕೋನವನ್ನು ಅಂಶಗಳಲ್ಲಿ ಅಳೆದವರಿಗೆ ಈ ಹೊಂದಿಕೆ ಕಾಣದು. ಅವರು 180/π ಯಿಂದ ಗುಣಿಸಬೇಕು.

ಈ ದರದ ಅವಶ್ಯಕತೆಯು ಭಾರತದಲ್ಲಿ ಪಂಚಾಂಗಗಣಿತದಿಂದ ಹುಟ್ಟಿತು. ಚಂದ್ರನ ಮಧ್ಯಮ ಸ್ಥಾನಕ್ಕೂ ಸ್ಫುಟ ಸ್ಥಾನಕ್ಕೂ ಇರುವ ಅಂತರವು ಮಂದಫಲ; ಮೊದಲು ದೋಃಫಲವೆಂಬ ಜ್ಯಾವನ್ನು ಗಣಿಸಿ, ಬಳಿಕ ಅದರ ಚಾಪವನ್ನು ತೆಗೆದರೆ ಅದು ಲಭಿಸುವುದು. ಒಂದು ಕ್ಷಣದಲ್ಲಿ ಚಂದ್ರನ ಗತಿ ಎಷ್ಟೆಂಬುದನ್ನು ತಿಳಿಯಬೇಕಾದರೆ ಈ ಚಾಪದ ಬದಲಾವಣೆಯ ದರವು ಬೇಕು. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವನ್ನು ತನ್ನ ಊರೆಂದು ಹೇಳಿಕೊಂಡಿರುವ, ಆ ಊರನ್ನು ಕನ್ನಡನಾಡಿನ ಹಲವು ವಿದ್ವಾಂಸರು ವಿಜಯಪುರವೆಂದು ಗುರುತಿಸುವ ಭಾಸ್ಕರಾಚಾರ್ಯನು (ಜನನ 1114), 1150 ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ಕ್ಷಣದ ಆ ಗತಿಯನ್ನು ತಾತ್ಕಾಲಿಕ ಗತಿ ಎಂದು ಕರೆದು, ಗತಿಫಲಕ್ಕಾಗಿ ಕೋಟಿಫಲವನ್ನು ಕೇಂದ್ರಗತಿಯಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಬೇಕೆಂದು ವಿಧಿಸಿದನು. ಜ್ಯಾದ ದರವು ಕೋಟಿಜ್ಯಾವನ್ನು ಅನುಸರಿಸುವುದೆಂಬ ಅರಿವು ಇದರಲ್ಲಿದೆ. ಆದರೆ ಜ್ಯಾದಿಂದ ಚಾಪಕ್ಕೆ ಹೋಗುವ ಕೊನೆಯ ಮೆಟ್ಟಿಲಿನ ದರವು ಇಲ್ಲಿ ಸೇರಿಲ್ಲ.

ಆ ಮೆಟ್ಟಿಲನ್ನು ತುಂಬುವ ನಿಯಮವು ಕೇರಳದ ನೀಲಕಂಠ ಸೋಮಯಾಜಿಯ ಕೃತಿಯಲ್ಲಿದೆ. 1500 ರ ಸುಮಾರಿಗೆ ರಚಿತವಾದ ‘ತಂತ್ರಸಂಗ್ರಹ’ದಲ್ಲಿ ಅವನು ಹೇಳುವ ಕ್ರಮವಿದು: ತ್ರಿಜ್ಯೆಯ ವರ್ಗದಿಂದ ಚಂದ್ರನ ದೋಃಫಲದ ವರ್ಗವನ್ನು ಕಳೆದು ಮೂಲವನ್ನು ತೆಗೆದು, ಕೋಟಿಫಲ ಮತ್ತು ಕೇಂದ್ರಗತಿಗಳ ಗುಣಲಬ್ಧವನ್ನು ಆ ಮೂಲದಿಂದ ಭಾಗಿಸಬೇಕು. ತ್ರಿಜ್ಯೆಯು ವಿಕರ್ಣವಾಗಿ, ದೋಃಫಲವು ಅಭಿಮುಖ ಬಾಹುವಾಗಿರುವ ತ್ರಿಭುಜದ ಮೂರನೆಯ ಬಾಹುವೇ ಇಲ್ಲಿ ಛೇದವಾಗಿರುವುದು. ತ್ರಿಜ್ಯೆಯನ್ನು 1 ಎಂದು ಗ್ರಹಿಸಿದರೆ ಅದು √(1−x²) ಅಲ್ಲದೆ ಬೇರೆಯಲ್ಲ.

ಎರಡು ನಿಯಮಗಳ ಅಂತರವನ್ನು ಲೆಕ್ಕದಿಂದ ನೋಡಬಹುದು. ಚಂದ್ರನ ಮಂದವೃತ್ತದ ಪ್ರಮಾಣವನ್ನು ‘ತಂತ್ರಸಂಗ್ರಹ’ದಂತೆ 7/80 ಎಂದೂ, ಕೇಂದ್ರಗತಿಯನ್ನು ದಿನಕ್ಕೆ 784 ಕಲೆಗಳೆಂದೂ, ಮಂದಕೇಂದ್ರವನ್ನು 45 ಅಂಶಗಳೆಂದೂ ಇಟ್ಟುಕೊಂಡರೆ, ಭಾಸ್ಕರನ ನಿಯಮದಿಂದ ಗತಿಫಲವು ಸುಮಾರು 48.5 ಕಲೆ, ನೀಲಕಂಠನ ಛೇದವನ್ನು ಬಳಸಿದರೆ ಅದಕ್ಕಿಂತ ಐದಾರು ವಿಕಲೆಗಳಷ್ಟು ಮಾತ್ರ ಹೆಚ್ಚು. ಇಷ್ಟು ಅಲ್ಪವಾದುದರಿಂದ, ಬರಿಗಣ್ಣಿನ ವೀಕ್ಷಣೆಯಿಂದ ಈ ದೋಷವು ಹೊರಬೀಳುವಂತಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಯುಕ್ತಿಯೇ.

ಯುರೋಪಿನಲ್ಲಿ ನ್ಯೂಟನ್ನನು 1669 ರಲ್ಲಿ ಬರೆದ, 1711 ರಲ್ಲಿ ಮುದ್ರಿತವಾದ ಪ್ರಬಂಧವೊಂದರಲ್ಲಿ, ವೃತ್ತದ ಮೇಲಣ ಅತ್ಯಲ್ಪ ತ್ರಿಭುಜವನ್ನು ದೊಡ್ಡ ಲಂಬಕೋನ ತ್ರಿಭುಜಕ್ಕೆ ಸಮರೂಪವೆಂದು ಹಿಡಿದು ಇದೇ ದರವನ್ನು ಪಡೆದು, ಅದರಿಂದ ಚಾಪದ ಅನಂತಶ್ರೇಣಿಯನ್ನು ಸಾಧಿಸಿದನು.

ಇಂದಿನ ಪಾಠಕ್ರಮದ ಆ ಸಾಧನೆಗೆ ಎಲ್ಲೆಗಳುಂಟು. ತ್ರಿಭುಜವು ಲಘುಕೋನಗಳನ್ನು ಮಾತ್ರ ತೋರಿಸಬಲ್ಲದು. x ಋಣವಾಗಿರುವಾಗ, −90 ರಿಂದ 90 ಅಂಶಗಳ ಮಧ್ಯೆ cos y ಎಂದೂ ಋಣವಾಗದೆಂಬ ಕಾರಣದಿಂದಲೇ ಧನಮೂಲವನ್ನು ಆರಿಸಬೇಕು. ಅವ್ಯಕ್ತ ಅವಕಲನವಾದರೋ ನಿಷ್ಪನ್ನವು ಇದೆಯೆಂದು ಮೊದಲೇ ಒಪ್ಪಿಕೊಂಡು ಅದರ ಬೆಲೆಯನ್ನು ಹೇಳುವುದೇ ಹೊರತು, ಅದರ ಅಸ್ತಿತ್ವವನ್ನು ಸಾಧಿಸದು. x = ±1 ಆದಾಗ ಮೂರನೆಯ ಬಾಹು ಶೂನ್ಯವಾಗಿ ನಿಷ್ಪನ್ನವೇ ಇಲ್ಲವಾಗುವುದು. ಚಂದ್ರನ ದೋಃಫಲವು ತ್ರಿಜ್ಯೆಯ 7/80 ಭಾಗವನ್ನು ಮೀರದಿರುವುದರಿಂದ ನೀಲಕಂಠನ ಛೇದವು ಎಂದೂ ಶೂನ್ಯದ ಸಮೀಪಕ್ಕೆ ಬಾರದು, ಅವನ ನಿಯಮವು ಯಾವ ದಿನದ ಗಣನೆಯಲ್ಲಿಯೂ ಮುರಿಯದು.