ಬಟ್ಟೆಗಳ ಮೇಲಿನ ರಿಯಾಯಿತಿ ಮತ್ತು ಮುದ್ರಿತ ಗರಿಷ್ಠ ಚಿಲ್ಲರೆ ಬೆಲೆ: ಗ್ರಾಹಕರಿಗೆ ಮಾಹಿತಿ

ಆಷಾಢ ಮಾಸದಲ್ಲಿ ಮದುವೆ ಮುಂತಾದ ಶುಭಕಾರ್ಯಗಳು ವಿರಳವಾಗಿರುವುದರಿಂದ ಬಟ್ಟೆ ವ್ಯಾಪಾರ ಇಳಿಮುಖವಾಗುತ್ತದೆ. ಈ ಅವಧಿಯಲ್ಲಿ ಹಳೆಯ ದಾಸ್ತಾನನ್ನು ತೆರವುಗೊಳಿಸಲು ರಿಯಾಯಿತಿ ಮಾರಾಟ ನಡೆಸುವುದು ರೂಢಿಯಲ್ಲಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಹಕರು ಇಂತಹ ಮಾರಾಟದಲ್ಲಿ ಘೋಷಿಸಲಾಗುವ ಶೇಕಡಾವಾರು ರಿಯಾಯಿತಿಯು ನೈಜವೇ ಎಂಬುದನ್ನು ಪರಿಶೀಲಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಬಟ್ಟೆಯ ಗರಿಷ್ಠ ಚಿಲ್ಲರೆ ಬೆಲೆಯನ್ನು, ಅಂದರೆ ಎಂಆರ್‌ಪಿಯನ್ನು, ಸರ್ಕಾರವು ನಿಗದಿಪಡಿಸುವುದಿಲ್ಲ. ತಯಾರಕರು ಅಥವಾ ಮಾರಾಟಗಾರ ಕಂಪನಿಯವರೇ ಅದನ್ನು ನಿರ್ಧರಿಸಿ ಮುದ್ರಿಸುತ್ತಾರೆ. ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವುದನ್ನು ಕಾನೂನು ನಿಷೇಧಿಸುತ್ತದೆಯೇ ಹೊರತು, ಆ ಬೆಲೆ ತಯಾರಿಕಾ ವೆಚ್ಚಕ್ಕೆ ಅನುಗುಣವಾಗಿರಬೇಕೆಂದು ಹೇಳುವುದಿಲ್ಲ. ಆದ್ದರಿಂದ ಮೊದಲೇ ಹೆಚ್ಚಿನ ಬೆಲೆಯನ್ನು ಮುದ್ರಿಸಿ, ಅನಂತರ ಅದರ ಮೇಲೆ ಭಾರಿ ರಿಯಾಯಿತಿ ತೋರಿಸುವುದು ಸಾಧ್ಯ. ಐರೋಪ್ಯ ಒಕ್ಕೂಟದಲ್ಲಿ 2022ರಿಂದ ರಿಯಾಯಿತಿ ಘೋಷಿಸುವ ವ್ಯಾಪಾರಿಯು ಸಾಮಾನ್ಯವಾಗಿ ಅದಕ್ಕೂ ಹಿಂದಿನ 30 ದಿನಗಳ ಕನಿಷ್ಠ ಬೆಲೆಯನ್ನು ತೋರಿಸಬೇಕಾಗಿದೆ. ನಮ್ಮಲ್ಲಿ ಅಂತಹ ನಿಯಮವಿಲ್ಲದ ಕಾರಣ ಹೋಲಿಕೆಯ ಕೆಲಸ ಗ್ರಾಹಕರಿಗೇ ಬಿಟ್ಟದ್ದು.

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಬಹುದು. ಒಂದು ಅಂಗಡಿಯಲ್ಲಿ ರೂ. 1,999 ಎಂಆರ್‌ಪಿ ಇರುವ ಹತ್ತಿಯ ಅಂಗಿಗೆ ಶೇ. 60 ರಿಯಾಯಿತಿ ಇದೆ. ಬೆಲೆ ರೂ. 799.60 ಆಗುತ್ತದೆ. ಪಕ್ಕದ ಅಂಗಡಿಯಲ್ಲಿ ಅದೇ ಬಗೆಯ ಬಟ್ಟೆ ಮತ್ತು ಹೊಲಿಗೆಯ ಅಂಗಿಗೆ ಎಂಆರ್‌ಪಿ ರೂ. 899, ರಿಯಾಯಿತಿ ಕೇವಲ ಶೇ. 10, ಅಲ್ಲಿ ಬೆಲೆ ರೂ. 809.10. ಫಲಕಗಳಲ್ಲಿ ಕಾಣುವ ವ್ಯತ್ಯಾಸ ಶೇ. 50, ನಿಜವಾದ ಉಳಿತಾಯ ಸುಮಾರು ಒಂಬತ್ತೂವರೆ ರೂಪಾಯಿ. ಮೊದಲ ಅಂಗಡಿಯವರು ರಿಯಾಯಿತಿ ಬೆಲೆಯ ಮೇಲೆ ಶೇ. 5 ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ಸೇರಿಸಿದರೆ ಬಿಲ್ಲು ರೂ. 839.58 ಆಗುತ್ತದೆ. ಆಗ ಶೇ. 60ರ ಅಂಗಿಯೇ ಮೂವತ್ತು ರೂಪಾಯಿ ದುಬಾರಿ.

ಹೀಗೆ ತೆರಿಗೆಯನ್ನು ಮೇಲೆ ಸೇರಿಸುವುದರ ಬಗ್ಗೆ ತೀರ್ಪು ಇದೆ. ಎಂಆರ್‌ಪಿ ಎಂದರೆ ಎಲ್ಲಾ ತೆರಿಗೆಗಳೂ ಒಳಗೊಂಡ ಬೆಲೆ. ಅದರ ಮೇಲೆ ಇಂತಿಷ್ಟು ರಿಯಾಯಿತಿ ಎಂದು ಜಾಹೀರಾತು ನೀಡಿ, ಕಡಿತಗೊಂಡ ಬೆಲೆಗೆ ಮತ್ತೆ ಮೌಲ್ಯವರ್ಧಿತ ತೆರಿಗೆ ವಿಧಿಸಿದ್ದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು ಏರೋ ಕ್ಲಬ್ ಪ್ರಕರಣದಲ್ಲಿ ಜನವರಿ 2017ರಲ್ಲಿ ತೀರ್ಮಾನಿಸಿತು. ಜಿಎಸ್‌ಟಿ ಜಾರಿಗೆ ಬಂದದ್ದು ಅದೇ ವರ್ಷದ ಜುಲೈನಲ್ಲಿ. ತೆರಿಗೆಯ ಹೆಸರು ಬದಲಾದರೂ ಎಂಆರ್‌ಪಿಯಲ್ಲಿ ತೆರಿಗೆ ಅಡಗಿದೆ ಎಂಬ ಅಂಶ ಬದಲಾಗಿಲ್ಲ.

ಅಂಗಡಿಯಲ್ಲಿಯೇ ಕೆಲವು ಲಕ್ಷಣಗಳನ್ನು ಗುರುತಿಸಬಹುದು. ನಿಜವಾದ ದಾಸ್ತಾನು ತೆರವು ಮಾರಾಟದಲ್ಲಿ ಸಾಮಾನ್ಯವಾಗಿ ಅಳತೆಗಳು ಒಡೆದಿರುತ್ತವೆ; ಬೇಕಾದ ಬಣ್ಣ ಸಿಕ್ಕರೆ ಅಳತೆ ಸಿಗುವುದಿಲ್ಲ. ಎಲ್ಲಾ ಅಳತೆ, ಎಲ್ಲಾ ಬಣ್ಣಗಳೂ ಹೊಸ ಕಟ್ಟುಗಳಲ್ಲಿ ದೊರೆಯುತ್ತಿದ್ದರೆ ಆ ಸರಕು ರಿಯಾಯಿತಿ ಮಾರಾಟಕ್ಕೆಂದೇ ತರಿಸಿದ್ದಾಗಿರಬಹುದು. ಪೊಟ್ಟಣದಲ್ಲಿ ಸಿದ್ಧವಾಗಿ ಬರುವ ಉಡುಪಿನ ಮೇಲೆ ತಿಂಗಳು ಮತ್ತು ವರ್ಷ ನಮೂದಾಗಿದ್ದರೆ ನೋಡಿಕೊಳ್ಳುವುದು. ಮಾರಾಟಕ್ಕೆ ಒಂದು ತಿಂಗಳ ಹಿಂದಷ್ಟೇ ತಯಾರಾದ ಅಂಗಿ ರೂ. 1,999ಕ್ಕೆ ಬಹುಕಾಲ ಮಾರಾಟವಾಗಿರಲು ಸಾಧ್ಯವಿಲ್ಲ. ಬಿಡಿಯಾಗಿ ಮಾರುವ ಉಡುಪುಗಳಿಗೆ 2022ರಲ್ಲಿ ಹಲವು ನಮೂದುಗಳಿಂದ ವಿನಾಯಿತಿ ನೀಡಲಾಗಿದ್ದು, ಅವುಗಳಲ್ಲಿ ತಿಂಗಳು ಕಾಣದಿರುವುದು ತಪ್ಪಲ್ಲ. ಆದರೆ ಎಂಆರ್‌ಪಿ, ಅಳತೆ, ತಯಾರಕರ ಅಥವಾ ಮಾರಾಟಗಾರ ಕಂಪನಿಯ ಹೆಸರು ಮತ್ತು ಗ್ರಾಹಕ ಸಂಪರ್ಕದ ವಿವರ ಇರಲೇಬೇಕು.

ಬೆಲೆಯ ಮೇಲೆ ಅಂಟಿಸಿರುವ ಚೀಟಿಯನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬೆಲೆ ಇಳಿಸಲು ಚೀಟಿ ಅಂಟಿಸಬಹುದು, ಆದರೆ ಅದು ಮೂಲ ಬೆಲೆಯನ್ನು ಮುಚ್ಚಬಾರದು. ಮೂಲ ಬೆಲೆಯನ್ನು ಅಳಿಸುವುದು, ತಿದ್ದುವುದು ಅಥವಾ ಅದರ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವುದು ಪೊಟ್ಟಣ ಸಾಮಗ್ರಿಗಳ ನಿಯಮಗಳು, 2011ರ ಉಲ್ಲಂಘನೆ. ಇದರ ಬಗ್ಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.

ಎಂಆರ್‌ಪಿ ಹೆಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ದೂರು ನಿಲ್ಲುವುದು ಕಷ್ಟ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವಸ್ತುವು ಸಾಮಾನ್ಯವಾಗಿ ಮಾರಾಟವಾಗುವ ಬೆಲೆಯ ಬಗ್ಗೆ ಸಾರ್ವಜನಿಕರನ್ನು ದಾರಿ ತಪ್ಪಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದುದರಿಂದ ಸಾಬೀತುಪಡಿಸಬೇಕಾದದ್ದು ಆ ಸಾಮಾನ್ಯ ಬೆಲೆಯನ್ನು. ಅದೇ ಅಂಗಡಿಯಲ್ಲಿ ಅದೇ ಉಡುಪನ್ನು ಮಾರಾಟದ ಮುನ್ನ ಕಡಿಮೆ ಬೆಲೆಗೆ ಕೊಂಡ ಬಿಲ್ಲು ಇದ್ದರೆ ಅದು ಬಲವಾದ ಸಾಕ್ಷ್ಯ. ಇದರೊಂದಿಗೆ ಜಾಹೀರಾತು ಫಲಕದ ದಿನಾಂಕ ಸಹಿತ ಛಾಯಾಚಿತ್ರ, ಬೆಲೆ ಚೀಟಿ ಮತ್ತು ಹೊಸ ಬಿಲ್ಲನ್ನು ಇಟ್ಟುಕೊಳ್ಳಬೇಕು. ಬಿಲ್ಲು ಇಲ್ಲದ ಕೈಬರಹದ ಚೀಟಿಯ ವ್ಯವಹಾರದಲ್ಲಿ ಈ ಯಾವುದೂ ಉಪಯೋಗಕ್ಕೆ ಬಾರದು.

ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು, e-jagriti.gov.in ಮೂಲಕವೂ ಅವಕಾಶವಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಪಾವಗಡ ಭಾಗದವರು ಗಡಿಯಾಚೆಯ ಹಿಂದೂಪುರದಲ್ಲಿ ಖರೀದಿಸಿದ್ದರೂ, ದೂರುದಾರರು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು 2019ರ ಅಧಿನಿಯಮ ಅವಕಾಶ ನೀಡಿದೆ.